ಅಪ್ಪನ ಆರು ಹನಿ

ಹಾಸ್ಟೆಲಿಗೆ ಬರಬೇಡಿ ಎಂದು ಅಪ್ಪನಿಗೆ ಪತ್ರ ಬರೆದವಳು ನಾನೇ. ಎಂಬತ್ತರ ದಶಕದ ನಡುಭಾಗ, ಕೊಯಮತ್ತೂರಿನಲ್ಲಿ ನನ್ನ ಕಾಲೇಜಿನ ಮೊದಲ ವರ್ಷ. ಕಾಂಗೇಯಂನಲ್ಲಿ ನಮ್ಮದೊಂದು ಸಣ್ಣ ಕೊಬ್ಬರಿ ಎಣ್ಣೆ ಮಿಲ್ಲು, ಅದರ ಬೆನ್ನಿಗೇ ಮನೆ. ಅಪ್ಪ ತಿಂಗಳಿಗೊಂದು ಭಾನುವಾರ ಮುರುಕಿನ ಡಬ್ಬ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದರು. ಭೇಟಿಯ ಕೋಣೆಯಲ್ಲಿ ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಒಮ್ಮೆ ಅವರು ಹೋದ ಮೇಲೆ ನನ್ನ ಕೋಣೆಯ ಹುಡುಗಿ ಕಿಟಕಿ ತೆರೆಯುತ್ತಾ, "ನಿಮ್ಮಪ್ಪ ಬಂದರೆ ಇಡೀ ಗಾಣವೇ ಬಂದ ಹಾಗೆ" ಎಂದು ನಕ್ಕಳು. ಉಳಿದವರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ನನಗೆ ಇವತ್ತಿಗೂ ಕ್ಷಮೆಯಿಲ್ಲ.

ನಮಗೆ ಕನ್ನಡ ಮನೆಯೊಳಗಿನ ಮಾತಿಗೆ ಮಾತ್ರ, ಬರೆಯಲು ಬಾರದು. ಪತ್ರ ತಮಿಳಿನಲ್ಲೇ ಬರೆದೆ. ಓದು ಜಾಸ್ತಿ ಎಂದು ಸುಳ್ಳು ಹೇಳಬಹುದಿತ್ತು. ಆದರೆ ನನ್ನ ಬಾಯಿಯಂತೆ ಕೈಯೂ ಜೋರು. ನಿಮ್ಮ ಮೈಮೇಲೆ ಕೊಬ್ಬರಿ ವಾಸನೆ, ಎಲ್ಲರೂ ನಗುತ್ತಾರೆ, ಇನ್ನು ಬರಬೇಡಿ ಎಂದೇ ಬರೆದುಬಿಟ್ಟೆ.

ಇದನ್ನು ಬರೆದದ್ದು ಯಾರಿಗೆ ಎಂಬುದನ್ನು ಹೇಳಬೇಕು. ಮಿಲ್ಲಿಗೆ ಬರುವ ಕೊಬ್ಬರಿಯನ್ನು ಆಯುವುದು ಅಪ್ಪನ ಮೂಗು. ಮೂಟೆಯೊಳಗೆ ಕೈ ಹಾಕಿ ಒಂದು ಹೋಳು ತೆಗೆದು ಮೂಸಿದರೆ ಸಾಕು, ಸರಿಯಾಗಿ ಒಣಗಿಲ್ಲ, ಒಳಗೆ ಬೂಸ್ಟು ಹಿಡಿದಿದೆ ಎಂದು ಹೇಳಿಬಿಡುತ್ತಿದ್ದರು. ಸುತ್ತಮುತ್ತಲಿನ ಮಿಲ್ಲಿನವರೂ ಅನುಮಾನ ಬಂದಾಗ ಅವರನ್ನೇ ಕರೆಯುತ್ತಿದ್ದರು. ಆ ಮೂಗಿನ ಮೇಲೆ ಅಪ್ಪನಿಗೆ ಒಳ್ಳೆಯ ಜಂಬವಿತ್ತು.

ಪತ್ರಕ್ಕೆ ಉತ್ತರ ಬರಲಿಲ್ಲ. ಅಪ್ಪನೂ ಬರಲಿಲ್ಲ. ಪೊಂಗಲ್ ರಜೆಗೆ ಮನೆಗೆ ಹೋದಾಗ ಬೈಗುಳ ಕೇಳಲು ಸಿದ್ಧಳಾಗಿಯೇ ಹೊಸಿಲು ದಾಟಿದೆ. ಅಪ್ಪ ಮಾತ್ರ ಕಂದು ಗಾಜಿನ ಪುಟ್ಟ ಶೀಶೆಯೊಂದನ್ನು ತಂದು ನನ್ನ ಮುಂದೆ ಇಟ್ಟರು.

"ಹೆಂಗದೆ ನೋಡು ಅಮ್ಮಣಿ. ಸೆಂಟು. ನಾನೇ ಕಲಸಿದ್ದು."

ಕೊಯಮತ್ತೂರಿನಲ್ಲಿ ನಮ್ಮ ಎಣ್ಣೆ ಕೊಳ್ಳುವ ನಾಟಿ ಔಷಧಿ ಅಂಗಡಿಯವರ ಹತ್ತಿರ ಹೋಗಿ ಪಾಠ ಹೇಳಿಸಿಕೊಂಡಿದ್ದರಂತೆ. ಊಟಿ ಕಡೆಯಿಂದ ಬರುವ ನಿಂಬೆಹುಲ್ಲಿನ ಎಣ್ಣೆ, ಜೆರೇನಿಯಂ ಎಣ್ಣೆ, ಜೊತೆಗೆ ಲಾವಂಚದ ಎಣ್ಣೆ, ಮೂರು ಬಾಟಲಿ ತಂದಿದ್ದರು. ಹತ್ತು ಮಿಲಿ ಸಾದಾ ಎಣ್ಣೆಗೆ ಮೂರೂ ಸೇರಿ ಆರೇ ಹನಿ. ಮೊದಲ ಸಲ ಮಾಡುವವರು ಅದಕ್ಕಿಂತ ಮುಂದೆ ಹೋಗಬಾರದು, ಚರ್ಮ ಉರಿಯುತ್ತದೆ ಎಂದು ಅಂಗಡಿಯವರು ಕಟ್ಟುನಿಟ್ಟಾಗಿ ಹೇಳಿದ್ದರು. ತಕ್ಷಣ ಮೂಗಿಗೆ ಬಂದು ಬೇಗ ಹಾರಿಹೋಗುವುದು ಮೂರು ಹನಿ, ನಡುವೆ ನಿಲ್ಲುವುದು ಎರಡು, ಸಂಜೆಯವರೆಗೂ ಬಿಡದೆ ಕೂರುವುದು ಒಂದು. ಇದು ಸಾಮಾನ್ಯ ಲೆಕ್ಕ. ಆದರೆ ನಿಂಬೆಹುಲ್ಲು ಬಲು ಜೋರಿನದು, ಮೂರು ಹಾಕಿದರೆ ಬೇರೆ ಯಾರನ್ನೂ ಮಾತಾಡಲು ಬಿಡುವುದಿಲ್ಲ, ಮೈಯನ್ನೂ ಉರಿಸುತ್ತದೆ. ಅದಕ್ಕೇ ಅದು ಒಂದೇ ಹನಿ, ಜೆರೇನಿಯಂ ಮೂರು, ಲಾವಂಚ ಎರಡು. ಅಪ್ಪ ಇಂಕ್ ಫಿಲ್ಲರಿನಲ್ಲಿ ಹನಿ ಎಣಿಸಿ, ಒಂದೊಂದು ಎಣ್ಣೆಗೂ ಬೇರೆ ಬೇರೆ ಫಿಲ್ಲರ್ ಇಟ್ಟು, ಶೀಶೆಯನ್ನು ಬಿಸಿಲು ಬೀಳದ ಬೀರುವಿನಲ್ಲಿ ಒಂದು ವಾರ ಇಟ್ಟಿದ್ದರು. ನಾನು ಬರುವ ಒಂದು ದಿನ ಮೊದಲೇ ತಮ್ಮ ಮೊಣಕೈ ಒಳಬದಿಗೆ ಸವರಿ, ಕೆಂಪಗಾಗಲಿಲ್ಲ, ನವೆಯಾಗಲಿಲ್ಲ ಎಂದೂ ನೋಡಿಕೊಂಡಿದ್ದರು. ಇಷ್ಟೆಲ್ಲ ಮಾಡಿದ್ದು ಆ ಪತ್ರ ಓದಿದ ಮೇಲೆ.

ಶೀಶೆ ಎತ್ತಿ ನೋಡಿದೆ. ಮಾರ್ಗಳಿ ತಿಂಗಳು ಆಗಷ್ಟೇ ಮುಗಿದಿದ್ದ ಚಳಿಗೆ ಒಳಗಿದ್ದದ್ದು ಬೆಳ್ಳಗೆ ಗಟ್ಟಿಯಾಗಿತ್ತು. ಅಂಗೈಯಲ್ಲಿ ಬಿಸಿ ಮಾಡಿ, ಮುಚ್ಚಳ ತೆಗೆದು ಮೂಸಿದೆ.

ಕೊಬ್ಬರಿ. ಅದರ ಹಿಂದೆ ಎಲ್ಲೋ ದೂರದಲ್ಲಿ ಒಂದಿಷ್ಟು ಹುಲ್ಲು.

ಹುಟ್ಟಿದಂದಿನಿಂದ ಆ ಮನೆಯಲ್ಲಿದ್ದ ನನಗೂ ಮೊದಲು ಆ ವಾಸನೆ ಗೊತ್ತೇ ಇರಲಿಲ್ಲ. ಆರು ತಿಂಗಳು ಹೊರಗಿದ್ದು ಬಂದ ಮೂಗಿಗೆ ಈಗ ಗೋಡೆ, ದಿಂಬು, ಅಮ್ಮನ ಸೀರೆ ಎಲ್ಲವೂ ಕೊಬ್ಬರಿ. "ಯಾವ ಎಣ್ಣೆಗೆ ಕಲಸಿದಿರಿ ಅಪ್ಪಾ?" ಎಂದೆ.

"ನಮ್ಮದೇ! ಹೊಸದಾಗಿ ಆಡಿಸಿದ್ದು, ಸೋಸಿದ್ದು. ಇದಕ್ಕಿಂತ ಒಳ್ಳೆ ಎಣ್ಣೆ ಎಲ್ಲದೆ ಹೇಳು?"

"ಇದ್ರಲ್ಲೇ ಕೊಬ್ಬರಿ ವಾಸನೆ ಅದೆ."

ಅಪ್ಪ ಶೀಶೆ ಕಸಿದುಕೊಂಡು ಮೂಸಿದರು. ಇನ್ನೊಮ್ಮೆ ಮೂಸಿದರು. "ಎಲ್ಲಿ? ಒಂದು ಚೂರೂ ಇಲ್ಲ. ಏನೇ, ನೀ ನೋಡು" ಎಂದು ಅಮ್ಮನ ಮೂಗಿಗೆ ಹಿಡಿದರು. ಅಮ್ಮನಿಗೂ ಹುಲ್ಲು, ಬೇರು ಬಿಟ್ಟರೆ ಮತ್ತೇನೂ ಬರಲಿಲ್ಲ. ನನಗೆ ರೇಗಿತು. ಮೆಡಿಕಲ್ ಶಾಪಿಗೆ ಹೋಗಿ ಬಾದಾಮಿ ಎಣ್ಣೆ ತಂದೆ. ಅದಕ್ಕೆ ತನ್ನದೆಂಬ ವಾಸನೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಚಳಿಗೆ ಗಟ್ಟಿಯಾಗುವುದೂ ಇಲ್ಲ. ಟಾನಿಕ್ಕಿನ ಅಳತೆ ಮುಚ್ಚಳದಲ್ಲಿ ಹತ್ತು ಮಿಲಿ ಅಳೆದು, ಅದೇ ಒಂದು, ಮೂರು, ಎರಡು ಹನಿ ಹಾಕಿ ಇನ್ನೊಂದು ಶೀಶೆ ಮಾಡಿದೆ. ಎರಡರಲ್ಲೂ ಒಂದೊಂದು ಹತ್ತಿ ಉಂಡೆ ಅದ್ದಿ ಅಪ್ಪನ ಎರಡು ಕೈಗೆ ಕೊಟ್ಟೆ.

ಎಡಗೈ ಮೂಸಿದರು, ಬಲಗೈ ಮೂಸಿದರು. ಅಂಗಳಕ್ಕೆ ಹೋಗಿ ಗಾಳಿ ಕುಡಿದು ಬಂದು ಮತ್ತೆ ಮೂಸಿದರು. ನಾನು ಗೆದ್ದವಳ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ.

"ಎರಡೂ ಒಂದೇ ಅಮ್ಮಣಿ" ಎಂದರು ಅಪ್ಪ, ತೀರ ಮೆತ್ತಗೆ. ಮೂಟೆಯೊಳಗಿನ ಒಂದು ಕೆಟ್ಟ ಹೋಳನ್ನು ಹಿಡಿಯುವ ಮೂಗಿಗೆ, ತನ್ನ ಮೈಮೇಲಿನ ಕೊಬ್ಬರಿ ಗೊತ್ತಾಗುವುದಿಲ್ಲ ಎಂಬುದನ್ನು ನಾನು ಅವರಿಗೆ ತೋರಿಸಿಕೊಟ್ಟಿದ್ದೆ. ಗೆದ್ದ ಖುಷಿ ಅಲ್ಲೇ ಇಳಿದುಹೋಯಿತು. ಬಾದಾಮಿ ಎಣ್ಣೆಯ ಸೆಂಟು ಹಚ್ಚಿಕೊಂಡರಷ್ಟೇ ಸಾಲದು, ಅಂಗಿಯನ್ನೂ ಮಿಲ್ಲಿನಿಂದ ದೂರ ಒಗೆಸಿ ಇಡಬೇಕು ಎಂದು ಹೇಳಬೇಕಿತ್ತು. ಅದನ್ನು ಹೊರಡುವ ದಿನ, ಬಸ್ಸಿನ ಕಿಟಕಿಯಿಂದ ಹೇಳಿದೆ. ಬನ್ನಿ ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ.

ಎರಡು ವಾರ ಕಳೆದು, ಭಾನುವಾರ ಬೆಳಿಗ್ಗೆ, ಹಾಸ್ಟೆಲಿನ ಗೇಟಿನ ಹತ್ತಿರ ಯಾರೋ ಕಾಯುತ್ತಿದ್ದಾರೆ, ಒಳಗೆ ಬನ್ನಿ ಅಂದರೂ ಬರುತ್ತಿಲ್ಲ ಎಂದು ಆಯಾ ಬಂದು ಹೇಳಿದರು. ಓಡಿದೆ. ಬೇವಿನ ಮರದ ಕೆಳಗೆ ಅಪ್ಪ. ಇಸ್ತ್ರಿಯ ಮಡಿಕೆ ಇನ್ನೂ ಮುರಿಯದ ಬಿಳಿ ಅಂಗಿ. ಲಾಂಡ್ರಿಯಿಂದ ನೇರ ತಂದು, ಬಸ್‌ಸ್ಟಾಂಡಿನಲ್ಲಿ ಬದಲಾಯಿಸಿಕೊಂಡರಂತೆ. ಹಳೆಯದು ಕಾಗದದಲ್ಲಿ ಸುತ್ತಿ ಕಂಕುಳಲ್ಲಿತ್ತು.

"ಇಲ್ಲೇ ನಿಂತು ಮಾತಾಡೋಣ" ಎಂದರು. "ವಾಸನೆ ಇಲ್ಲ ಅಂತ ಕಾಣ್ತದೆ. ಆದ್ರೂ ನನಗೆ ಗೊತ್ತಾಗಲ್ಲ ಅಲ್ವಾ, ಅದಕ್ಕೇ ಬಸ್‌ಸ್ಟಾಂಡ್ ಟೀ ಅಂಗಡಿಯವನ ಹತ್ರ ಹೋಗಿ ಕೇಳ್ದೆ. ಅಣ್ಣಾ, ನನ್ನ ಒಂದು ಸಲ ಮೂಸಿ ನೋಡಿ ಹೇಳ್ತೀರಾ, ಮಗಳ ನೋಡಕ್ಕೆ ಹೋಗ್ಬೇಕು ಅಂತ. ಪಾಪ, ಗ್ಲಾಸು ಕೆಳಗಿಟ್ಟು ಹತ್ರ ಬಂದು ಮೂಸ್ದ. ಕೋಯಿಲ್ ವಾಸನೆ, ದೇವಸ್ಥಾನದೊಳಗಿನ ಹಾಗೆ ಬರ್ತದೆ, ಧೈರ್ಯವಾಗಿ ಹೋಗಿ ಅಂದ."

ಊರಿನ ಮಿಲ್ಲುಗಳೆಲ್ಲ ಯಾರ ಮೂಗನ್ನು ಕೇಳಿ ಕೊಬ್ಬರಿ ಕೊಳ್ಳುತ್ತಿದ್ದವೋ, ಆ ಮನುಷ್ಯ ಗಿಜಿಗುಡುವ ಬಸ್‌ಸ್ಟಾಂಡಿನಲ್ಲಿ ಗುರುತಿಲ್ಲದವನೊಬ್ಬನ ಮುಂದೆ ಕತ್ತು ಚಾಚಿ ನಿಂತಿದ್ದರು. ನಾನು ಬರೆದ ಒಂದು ಪತ್ರಕ್ಕಾಗಿ. ನನಗೆ ಅಲ್ಲೇ ಅಳು ಬಂತು. ಅಪ್ಪ ಗಾಬರಿಯಾಗಿ, "ಯಾಕಮ್ಮಣಿ, ಇನ್ನೂ ಬರ್ತದಾ?" ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಅವರ ಕೈ ಹಿಡಿದು ಎಳೆದುಕೊಂಡು ಒಳಗೆ ಹೋದೆ.