ಇಮೇಲ್ ಇಲ್ಲದವರ ಅರ್ಜಿ

ಚನ್ನಪಟ್ಟಣದ ಒಂದು ಸಣ್ಣ ಆಟಿಕೆ ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಹೊಣೆ ನನ್ನದಾಗಿತ್ತು. ಅರ್ಜಿಗಳು ವಾಟ್ಸಾಪ್‌ನಲ್ಲಿ, ಇಮೇಲ್‌ನಲ್ಲಿ, ಗೇಟಿನ ವಾಚ್‌ಮನ್ ಕೈಯಲ್ಲಿ, ಹೀಗೆ ಎಲ್ಲೆಲ್ಲಿಂದಲೋ ಬಂದು ಕಳೆದುಹೋಗುತ್ತಿದ್ದವು. ಅವನ್ನೆಲ್ಲ ಒಂದೆಡೆ ನೋಡಿಕೊಳ್ಳುವ ಸಾಫ್ಟ್‌ವೇರ್ ಆರಿಸುವುದನ್ನು ಮಾಲೀಕರು ನನಗೇ ಬಿಟ್ಟರು.

ಕೊನೆಗೆ ಎರಡು ಉಳಿದವು. ಮೊದಲನೆಯದು ರೆಸ್ಯೂಮೆಯನ್ನು ತಾನೇ ಓದಿ ಹೆಸರು, ಅನುಭವ ಬೇರ್ಪಡಿಸುತ್ತಿತ್ತು, ಸಂದರ್ಶನದ ದಿನ ಗೊತ್ತುಮಾಡುತ್ತಿತ್ತು, ಬಣ್ಣಬಣ್ಣದ ವರದಿ ಕೊಡುತ್ತಿತ್ತು. ಆದರೆ ವರ್ಷದ ಹಣ ಮೊದಲೇ ಕಟ್ಟಬೇಕು. ಎರಡನೆಯದಕ್ಕೆ ತಿಂಗಳ ಬಾಡಿಗೆ, ಅದೂ ಕಡಿಮೆ. ಅದರಲ್ಲಿ ವರದಿ ಅಷ್ಟಕ್ಕಷ್ಟೇ, ರೆಸ್ಯೂಮೆಯನ್ನು ನಾವೇ ಓದಬೇಕು. ಅರ್ಜಿ ಮಾತ್ರ ಕನ್ನಡದಲ್ಲೇ ಇತ್ತು, ಫೋನ್ ನಂಬರ್ ಕೊಟ್ಟರೆ ಸಾಕಿತ್ತು.

ಲೇತ್ ವಿಭಾಗದ ಹಿರಿಯ ಮೇಸ್ತ್ರಿ ನನ್ನ ಮೇಜಿನ ಹತ್ತಿರ ನಿಂತು ಎರಡನ್ನೂ ನೋಡಿದರು. "ಮೇಡಂ, ತಗೊಳ್ಳೋಕೆ ಮುಂಚೆ ನೀವೇ ಒಸಿ ಫೋನಲ್ಲಿ ಅರ್ಜಿ ಹಾಕಿ ನೋಡ್ಬುಡಿ" ಅಂದರು. ನೋಡ್ತೀನಿ ಅಂದೆ. ನೋಡಲಿಲ್ಲ. ಡೆಮೊದಲ್ಲಿ ಕಂಡ ವರದಿಗಳಿಗೆ ಮನಸೋತು ಮೊದಲನೆಯದಕ್ಕೇ ಸಹಿ ಹಾಕಿಸಿದೆ.

ಮುಂದಿನ ತಿಂಗಳು ಬಣ್ಣದ ವಿಭಾಗಕ್ಕೆ ಮೇಲ್ವಿಚಾರಕರು ಬೇಕಾದರು. ಕೈಲಾಂಚ ಕಡೆಯ ಒಬ್ಬ ಹೆಂಗಸು ಬೆಳಿಗ್ಗೆಯ ಬಸ್ಸಿಗೇ ಬಂದು ಆಫೀಸಿನ ಬಾಗಿಲಲ್ಲಿ ನಿಂತರು. ಕೈಯಲ್ಲೊಂದು ಬಟ್ಟೆಚೀಲ.

"ಹತ್ತು ವರ್ಷದಿಂದ ಆಟಿಕೆಗೆ ಅರಗಿನ ಬಣ್ಣ ಹಚ್ಚೋ ಕೆಲಸ ಮಾಡ್ತಿವ್ನಿ ಮೇಡಂ. ನಾನ್ ಮಾಡಿದ್ದು ತಂದಿವ್ನಿ, ನೋಡಿ."

ಎಲ್ಲರಿಗೂ ಒಂದೇ ನಿಯಮ ಇರಲಿ ಅಂತ ನನಗೆ. ಚೀಲ ಬಿಚ್ಚುವುದಕ್ಕೂ ಬಿಡದೆ, "ಲಿಂಕಲ್ಲೇ ಹಾಕಿ ಅಮ್ಮ, ಇಲ್ಲಿ ತಗೊಳ್ಳಲ್ಲ" ಎಂದು ಲಿಂಕ್ ಬರೆದ ಚೀಟಿ ಕೊಟ್ಟು ಕಳಿಸಿದೆ.

ಬಂದ ಅರ್ಜಿಗಳಲ್ಲಿ ಆಕೆಯದಿರಲಿಲ್ಲ. ಆಸಕ್ತಿ ಇಲ್ಲ ಅಂದುಕೊಂಡೆ. ಓದು ಚೆನ್ನಾಗಿದ್ದ ಒಬ್ಬರನ್ನು ತೆಗೆದುಕೊಂಡೆವು. ಅರಗು ಎಷ್ಟು ಕಾಯಬೇಕು ಅನ್ನುವುದೇ ತಿಳಿಯದೆ ಅವರು ಮೂರು ತಿಂಗಳಿಗೆ ಬಿಟ್ಟುಹೋದರು. ಆಗ ಮೇಸ್ತ್ರಿ ಯಾರ ಹತ್ತಿರವೋ ಕೈಲಾಂಚ ಕಡೆಯ ಆ ಹೆಂಗಸಿನ ನಂಬರ್ ಹುಡುಕಿಕೊಟ್ಟರು. ಫೋನ್ ಮಾಡಿದೆ.

"ಮೂರು ಸಲ ಹಾಕ್ದೆ ಮೇಡಂ," ಅಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಇಮೇಲ್‌ಗೆ ನಂಬರ್ ಬತ್ತದೆ, ಅದ ಹಾಕಿ ಅಂತಿತ್ತು. ನಂಗೆಲ್ಲೈತೆ ಇಮೇಲು? ಈಗ ಬೇರೆ ಕಡೆ ಸೇರ್ಕೊಂಡಿವ್ನಿ. ಅವ್ರು ನನ್ನ ಕೆಲ್ಸ ನೋಡಿ ತಗೊಂಡ್ರು. ಬುಟ್ಟು ಬರಾಕಾಯ್ತದಾ?"

ಅಂದು ಮೊದಲ ಸಲ ನನ್ನ ಫೋನಿನಲ್ಲೇ ಅರ್ಜಿ ತುಂಬಿದೆ. ಖಾತೆ ತೆರೆಯಬೇಕು, ಇಮೇಲ್‌ಗೆ ಬಂದ ಸಂಖ್ಯೆ ಹಾಕಬೇಕು, ರೆಸ್ಯೂಮೆ ಏರಿಸಬೇಕು, ಅದರಲ್ಲಿದ್ದದ್ದನ್ನೇ ಮತ್ತೆ ಇಂಗ್ಲಿಷಿನಲ್ಲಿ ಬರೆಯಬೇಕು. ಖಾತೆ ತೆರೆಯಲಾಗದೆ ಹಿಂದೆ ಸರಿದವರು ನಾನು ಮೆಚ್ಚಿದ್ದ ಯಾವ ವರದಿಯಲ್ಲೂ ಇರಲಿಲ್ಲ.

ಮಾಲೀಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ವರ್ಷ ಮುಗಿದ ಮೇಲೆ ಎರಡನೆಯದಕ್ಕೆ ಬದಲಾಯಿಸಿದೆವು. ಈಗ ಅರ್ಜಿಗಳು ಸಲೀಸಾಗಿ ಬರುತ್ತವೆ. ಆದರೆ ಆಕೆ ಅಷ್ಟು ದೂರದಿಂದ ಹೊತ್ತು ತಂದದ್ದನ್ನು ನಾನು ಒಂದು ಕ್ಷಣವೂ ನೋಡಲಿಲ್ಲವಲ್ಲ, ಆ ತಪ್ಪನ್ನು ಯಾವ ಸಾಫ್ಟ್‌ವೇರ್ ಮೇಲೂ ಹೊರಿಸಲಾರೆ.