ಭಾವನ ಪೇಟೆಂಟಿಗೆ ನಾನು ಬರೆದ ಕನ್ನಡ

ನನ್ನ ಅಕ್ಕನ ಗಂಡ ಆದವಾನಿಯ ಜಿನ್ನಿಂಗ್ ಮಿಲ್ಲುಗಳಲ್ಲಿ ಮೆಕ್ಯಾನಿಕ್. ಹತ್ತಿಯಿಂದ ಬೀಜ ಬಿಡಿಸುವ ಯಂತ್ರದಲ್ಲಿ ಚಾಕು ರೋಲರಿಗೆ ಸದಾ ಒಂದೇ ಬಿಗಿಯಲ್ಲಿ ಒತ್ತಿಕೊಂಡಿರಬೇಕು. ಅದಕ್ಕೆಂದೇ ಭಾವ ಒಂದು ಸಾಧನ ಮಾಡಿ ಪೇಟೆಂಟ್ ಪಡೆದಿದ್ದರು. ಅದೇ ಊರಿನಲ್ಲಿ ಯಂತ್ರಭಾಗ ಮಾಡುವ ಒಬ್ಬ ಫ್ಯಾಬ್ರಿಕೇಟರ್ ಅಂಥದ್ದನ್ನೇ ಮಾಡಿ ಮಾರತೊಡಗಿದ. ಕೋರ್ಟಿಗೆ ಹೋಗುವ ಮೊದಲು ಭಾವನ ವರ್ಕ್‌ಶಾಪಿನಲ್ಲೇ ಎದುರುಬದುರು ಕೂತು ನೋಡೋಣ ಎಂದಾಯಿತು. ಪೇಟೆಂಟಿನ ಕ್ಲೇಮು, ಅಂದರೆ ಹಕ್ಕು ಎಲ್ಲಿಯವರೆಗೆ ಎಂದು ಗೆರೆ ಎಳೆಯುವ ವಾಕ್ಯ, ಇಂಗ್ಲಿಷಿನಲ್ಲಿತ್ತು. ಕಾನೂನಿಗೆ ಅದೇ ಮೂಲ. ಇಬ್ಬರಿಗೂ ತಿಳಿಯುವಂತೆ ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಅನುವಾದವೇ ನನ್ನ ಹೊಟ್ಟೆಪಾಡು. ಒಂದು ಗಂಟೆಯ ಕೆಲಸ ಅಂದುಕೊಂಡೆ.

ಮೊದಲ ಕ್ಲೇಮಿನಲ್ಲಿ 'ಚಾಕುವನ್ನು ರೋಲರಿನ ಕಡೆಗೆ ಒತ್ತುವ ಸ್ಪ್ರಿಂಗ್' ಎಂದು ಬರೆದೆ. ಭಾವ ಓದಿ ತಲೆದೂಗಿದರು. ಅವರ ಸಾಧನದಲ್ಲಿ ಇದ್ದದ್ದು ಸ್ಪ್ರಿಂಗೇ. ಎರಡನೆಯ ಕ್ಲೇಮಿಗೆ ಬಂದಾಗ ಪೆನ್ನು ನಿಂತಿತು. ಮೊದಲನೆಯದರಲ್ಲಿ ಹೇಳಿದ ಆ ಭಾಗ ಸ್ಪ್ರಿಂಗ್ ಆಗಿರುವ ಸಾಧನ ಎಂದಿತ್ತು ಅಲ್ಲಿ. ಮೊದಲೇ ಸ್ಪ್ರಿಂಗ್ ಎಂದಿದ್ದರೆ ಮತ್ತೆ ಇದ್ಯಾಕೆ? ಮೂಲಕ್ಕೆ ಮರಳಿದೆ. ಒತ್ತಿದರೆ ಕುಗ್ಗಿ, ಬಿಟ್ಟರೆ ಮೊದಲಿನಂತಾಗುವ ಭಾಗ ಎಂದಷ್ಟೇ ಅಲ್ಲಿನ ಇಂಗ್ಲಿಷ್ ಪದದ ಅರ್ಥ. ಕಣ್ಣಾರೆ ಕಂಡ ಯಂತ್ರವನ್ನು ಬರೆಯಲು ಹೋಗಿ ಭಾವನ ಹಕ್ಕನ್ನು ನಾನೇ ಸ್ಪ್ರಿಂಗಿಗಷ್ಟೇ ಕತ್ತರಿಸಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ತಿದ್ದಿದ್ದನ್ನು ನೋಡಿ ಭಾವನಿಗೆ ಆಸೆ ಹುಟ್ಟಿತು. "ಒತ್ತೋ ಯಾವುದೇ ಭಾಗ ಅಂತ ಬರದುಬಿಡು. ಯಾರೂ ತಪ್ಪಿಸ್ಕೊಳ್ಳಂಗಿಲ್ಲ."

ಮೂಲದಲ್ಲಿ ಇಲ್ಲದ್ದನ್ನು ಕೊಡಲಾರೆ ಎಂದೆ. ಅಕ್ಕ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ನಾನು ಜಗ್ಗಲಿಲ್ಲ.

ಇಬ್ಬರೂ ಎದುರುಬದುರು ಕೂತ ದಿನ ಫ್ಯಾಬ್ರಿಕೇಟರ್ ತನ್ನ ಸಾಧನ ತಂದಿಟ್ಟ. ಸ್ಪ್ರಿಂಗ್ ಇದ್ದ ಜಾಗದಲ್ಲಿ ದಪ್ಪ ರಬ್ಬರ್ ತುಂಡು. ತನ್ನದು ಬೇರೆಯೇ ಎಂದು ವಾದಿಸಿದ. ನಾನು ಮೊದಲ ಕ್ಲೇಮನ್ನು ನಿಧಾನವಾಗಿ ಓದಿದೆ. ಅವನು ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿದ, ಬಿಟ್ಟ. ಅದು ಮೇಲೆದ್ದಿತು. ಆದರೂ ಅವನ ಮುಖದಲ್ಲಿ ಅನುಮಾನ ಹೋಗಲಿಲ್ಲ. ನಾನು ಎದುರಾಳಿಯ ಭಾವಮೈದುನನಲ್ಲವೇ.

"ರಬ್ಬರ್ ತೆಗದು ಕಬ್ಬಿಣದ ತೂಕ ತೂಗಹಾಕಿದ್ರ?" ಎಂದು ಕೇಳಿದ.

ಭಾವ ನನ್ನನ್ನೇ ನೋಡುತ್ತಿದ್ದರು. ತೂಕ ಕುಗ್ಗುವುದೂ ಇಲ್ಲ, ಮರಳಿ ಹಿಗ್ಗುವುದೂ ಇಲ್ಲ. "ಬರದಿರೋ ಪ್ರಕಾರ ಅದು ಇದರಾಗ ಬರಂಗಿಲ್ರಿ" ಎಂದೆ. ಭಾವ ಮುಖ ತಿರುಗಿಸಿದರು.

ತೂಕ ಹಾಕಿದರೆ ಓಡುವ ಯಂತ್ರದಲ್ಲಿ ಚಾಕು ಕುಣಿಯುತ್ತದೆ ಎಂಬುದು ಫ್ಯಾಬ್ರಿಕೇಟರಿಗೂ ಗೊತ್ತು.

"ನಿಮ್ಮ ಭಾವಗ ಲುಕ್ಸಾನಾಗೋ ಮಾತು ಅವ್ರ ಎದುರಿಗೇ ಹೇಳಿದ್ರಿ" ಎಂದ. "ಅಂದ್ರ ಮೊದಲು ಓದಿದ್ದೂ ಖರೇನ ಇರಬೇಕು."

ರಬ್ಬರನ್ನು ಕಿತ್ತು ಮೇಜಿನ ಮೇಲಿಟ್ಟು, ಭಾವನ ಕಡೆ ತಿರುಗಿ, ಇನ್ನು ಮುಂದೆ ತಾನು ಇದನ್ನು ಮಾಡಬೇಕಾದರೆ ಅನುಮತಿ ಪತ್ರ ಹೇಗೆ ಬರೆದುಕೊಡುತ್ತೀರಿ ಎಂದು ಕೇಳಿದ. ಭಾವ ಖಾಲಿ ಕಾಗದವೊಂದನ್ನು ನನ್ನ ಕಡೆ ಸರಿಸಿ, "ನೀನ ಬರಿ" ಎಂದರು.