ಥೂ ಅಕ್ಕನ ಬ್ಯಾಂಡು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೊಳಕು ಬಟ್ಟೆ ವಿಂಗಡಿಸುವುದು ನಮ್ಮ ಕೆಲಸ. ರಕ್ತದ್ದು, ವಾಂತಿಯದ್ದು, ಮೂಗು ಮುಚ್ಚಿಕೊಂಡೇ ಎತ್ತಬೇಕಾದದ್ದು, ಎಲ್ಲಕ್ಕೂ ಬೇರೆ ಬೇರೆ ತೊಟ್ಟಿ. ನನ್ನ ಪಕ್ಕದ ಮೇಜಿನವಳನ್ನು ಎಲ್ಲರೂ ಥೂ ಅಕ್ಕ ಎನ್ನುತ್ತಿದ್ದರು. ಬಟ್ಟೆ ನೋಡಿ ಅವಳು ಒಮ್ಮೆಯೂ ಥೂ ಅಂದವಳಲ್ಲ. ಅದನ್ನು ಮನುಷ್ಯರಿಗೆ ಮೀಸಲಿಟ್ಟಿದ್ದಳು.

ಆಡಳಿತದವರು ನಮ್ಮ ಕೈಗೆಲ್ಲ ಬ್ಯಾಂಡ್ ಕಟ್ಟಿದರು, ಜಾನುವಾರಿಗೆ ಕಿವಿಯೋಲೆ ಹಾಕಿದ ಹಾಗೆ. ಅದು ಕೋಣೆಯಲ್ಲಿ ಇದೆಯೋ ಇಲ್ಲವೋ ಎಂಬುದು ಗೋಡೆಯ ಪರದೆಯ ಮೇಲೆ ಬರುತ್ತದೆ. ಇದ್ದರೆ ಹಸಿರು, ಬ್ಯಾಟರಿ ಸತ್ತರೆ ಕೆಂಪು. ಮತ್ತೆ ಮತ್ತೆ ಕೆಂಪು ಬಂದರೆ ರಾತ್ರಿ ಪಾಳಿ. ಬ್ಯಾಂಡ್ ಮನೆಗೆ ಒಯ್ಯುವಂತಿಲ್ಲ. ಒದ್ದೆ ಜಾಗವೆಂದು ಪ್ಲಗ್ಗುಗಳಿಗೆ ಬೀಗ. ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಪವರ್ ಬ್ಯಾಂಕ್ ಕೊಟ್ಟರು; ಅದನ್ನು ಮನೆಯಲ್ಲಿ ತುಂಬಿಸಿ ತಂದು, ಊಟದ ಹೊತ್ತಿನಲ್ಲಿ ಬ್ಯಾಂಡ್ ಚಾರ್ಜ್ ಮಾಡಿಕೊಳ್ಳಬೇಕು. ಡಬ್ಬಿಯಲ್ಲಿದ್ದ ಮಾಹಿತಿ ಚೀಟಿಗಳನ್ನು ಸೂಪರ್‌ವೈಸರ್ ಕಸವೆಂದು ಮೊದಲೇ ಎಸೆದಿದ್ದ.

ಪೂರ್ತಿ ತುಂಬಿದರೆ ವಾರ ಬಾಳುವ ಬ್ಯಾಂಡ್ ಅದು. ನಮ್ಮೆಲ್ಲರದು ಹಸಿರು, ಥೂ ಅಕ್ಕನದು ಮಾತ್ರ ಎಂದೂ ತುಂಬದೆ ಮಧ್ಯಾಹ್ನದ ಮೇಲೆ ಕೆಂಪು. ಸಿಕ್ಕಿಸಿದಾಗ ಬ್ಯಾಂಡ್‌ನ ದೀಪ ಹತ್ತುತ್ತಿತ್ತು. ಅವಳು ಊಟಕ್ಕೆ ಕೂತ ಮೇಲೆ ತಾನಾಗಿ ಆರಿಹೋಗುತ್ತಿತ್ತು. ರಾತ್ರಿ ಪಾಳಿ ಎಂದರೆ ಅವಳಿಗೆ ಜೀವ ಹೋಗುವ ಮಾತು. ಹಾಸಿಗೆ ಹಿಡಿದ ಅತ್ತೆಯನ್ನು ಹಗಲಲ್ಲಾದರೆ ಪಕ್ಕದ ಮನೆಯವರು ಆಗಾಗ ಇಣುಕಿ ನೋಡುತ್ತಾರೆ. ರಾತ್ರಿ ಮಗ್ಗುಲು ಬದಲಿಸಲು ಇವಳೊಬ್ಬಳೇ.

ಸೂಪರ್‌ವೈಸರ್‌ಗೆ ಹೇಳಿದೆವು. ಅವನು ಪವರ್ ಬ್ಯಾಂಕ್‌ಗೆ ತನ್ನ ಫೋನ್ ಸಿಕ್ಕಿಸಿದ. ಚಾರ್ಜ್ ಆಯಿತು. ಬ್ಯಾಂಡ್ ಅನ್ನು ತನ್ನ ಕೋಣೆಯ ಪ್ಲಗ್ಗಿಗೆ ಹಾಕಿದ. ಅದೂ ಆಯಿತು.

"ಎರಡೂ ಸರಿಯಾಗಿವೆ. ನೀನೇ ಕಿತ್ತಿಟ್ಟು ಎಲ್ಲೋ ಹೋಗಿ ಬರ್ತೀಯ," ಎಂದ.

"ಎರಡನ್ನೂ ಒಟ್ಟಿಗೆ ಹಾಕಿ ನೋಡಿ ಸಾರ್," ಎಂದೆ ನಾನು.

"ನನಗೆ ಬೇರೆ ಕೆಲಸ ಇಲ್ವಾ?"

ಇರಲಿಲ್ಲ. ಅವನು ಹಲ್ಲಿನ ಸಂದಿಯಿಂದ ಏನನ್ನೋ ಕೆದಕಿ, ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ. ದಿನವಿಡೀ ಹೇಸಿಗೆ ಮುಟ್ಟುವ ನಾನು ಮುಖ ತಿರುಗಿಸಿದ್ದು ಅವತ್ತೇ.

ಮರುದಿನ ಊಟದ ಹೊತ್ತಿಗೆ ನನ್ನ ಪವರ್ ಬ್ಯಾಂಕ್ ಖಾಲಿಯಾಗಿತ್ತು. ಅಕ್ಕನದರ ಇನ್ನೊಂದು ತೂತಿಗೆ ನನ್ನ ಫೋನ್ ಚುಚ್ಚಿದೆ. ಅವಳ ಬ್ಯಾಂಡ್‌ನ ದೀಪ ಊಟ ಮುಗಿದರೂ ಆರಲಿಲ್ಲ. ಫೋನ್ ಕಿತ್ತೆ. ಸ್ವಲ್ಪ ಹೊತ್ತಿಗೆ ಪವರ್ ಬ್ಯಾಂಕ್ ತಣ್ಣಗೆ ಮಲಗಿತು.

"ನೋಡ್ದೇನೇ? ಫೋನ್ ಇದ್ರೆ ಮಾತ್ರ ಎದ್ದಿರುತ್ತೆ," ಎಂದಳು ಅಕ್ಕ.

ನಾವೆಲ್ಲ ಬ್ಯಾಂಡ್ ಜೊತೆಗೆ ಫೋನನ್ನೂ ಸಿಕ್ಕಿಸುತ್ತಿದ್ದೆವು. ಅವಳು ತನ್ನ ಫೋನನ್ನು ಅತ್ತೆಯ ದಿಂಬಿನ ಪಕ್ಕ ಇಟ್ಟು ಬರುತ್ತಿದ್ದಳು. ಅದೇ ಮಾದರಿಯ ಪವರ್ ಬ್ಯಾಂಕ್ ಬಗ್ಗೆ ಫೋನಿನಲ್ಲಿ ಹುಡುಕಿ ಓದಿದೆ. ಬ್ಯಾಂಡು, ಕಿವಿಗೆ ಹಾಕುವ ಇಯರ್‌ಬಡ್ಸ್ ಇಂಥವು ಎಳೆದುಕೊಳ್ಳುವ ಕರೆಂಟು ತೀರಾ ಕಡಿಮೆ. ಅಷ್ಟು ಕಡಿಮೆಯಾದರೆ ಪವರ್ ಬ್ಯಾಂಕ್ ತನಗೇನೂ ಸಿಕ್ಕಿಸಿಲ್ಲ ಎಂದುಕೊಂಡು, ತನ್ನ ಚಾರ್ಜ್ ಉಳಿಸಲು ಆಫ್ ಆಗುತ್ತದೆ. ಈ ಮಾದರಿಯಲ್ಲಿ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಿದರೆ ಟ್ರಿಕಲ್ ಚಾರ್ಜ್: ಕರೆಂಟು ಎಷ್ಟೇ ಕಡಿಮೆ ಇರಲಿ, ಒಂದೆರಡು ಗಂಟೆ ಆರದೆ ಕೊಡುತ್ತಲೇ ಇರುತ್ತದೆ.

ಒತ್ತಿದೆವು. ಸಣ್ಣ ಹಸಿರು ದೀಪ ಹತ್ತಿ ನಿಂತಿತು. ಬ್ಯಾಂಡ್ ಪೂರ್ತಿ ತುಂಬಿತು.

ಅಕ್ಕ ಎರಡನ್ನೂ ಹಿಡಿದು ಸೂಪರ್‌ವೈಸರ್ ಬಳಿ ಹೋದಳು. ನಾನೂ ಹಿಂದೆ ಹೋಗಿ ಎಲ್ಲ ವಿವರಿಸಿದೆ. ಅವನು ಕೇಳಿಸಿಕೊಂಡ, ತಾನೇ ಒತ್ತಿ ನೋಡಿದ.

"ಒಳ್ಳೇದಾಯ್ತು. ಇನ್ಮೇಲೆ ಹೀಗೇ ಮಾಡು. ಹಿಂದಿನ ಕೆಂಪೆಲ್ಲ ಮೇಲಿನವರಿಗೆ ಹೋಗಿಬಿಟ್ಟಿದೆಯಲ್ಲ. ನಾಳೆಯಿಂದ ರಾತ್ರಿಗೆ ಬಾ."

"ತಪ್ಪು ನನ್ನದಲ್ಲ ಅಂತ ಈಗ ನಿಮಗೂ ಗೊತ್ತಾಯ್ತಲ್ಲ ಸಾರ್."

"ಗೊತ್ತಾಯ್ತು. ಆದ್ರೆ ಮೇಲೆ ಹೇಳಿದ್ರೆ, ಆ ಮಾಹಿತಿ ಚೀಟಿ ಎಸೆದವರು ಯಾರು ಅಂತ ನನ್ನನ್ನ ಕೇಳ್ತಾರೆ."

ಎಷ್ಟು ಸಲೀಸಾಗಿ ಹೇಳಿದ. ನಾಚಿಕೆಯ ಸುಳಿವೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಥೂ ಅಕ್ಕ ಥೂ ಅನ್ನಲೂ ಇಲ್ಲ. ವಾಪಸು ಬಂದು ಬ್ಯಾಂಡ್ ಬಿಚ್ಚಿ ತನ್ನ ಮೇಜಿನ ಮೇಲಿಟ್ಟಳು, ಕೈಗವಸು ಕಳಚಿ ತೊಟ್ಟಿಗೆ ಹಾಕಿದಳು, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡಳು.

"ಅತ್ತೆಗೆ ಹೊತ್ತಾಯ್ತು ಕಣೇ," ಎಂದು ಮೆಟ್ಟಿಲು ಹತ್ತಿ ಹೋದಳು. ಮತ್ತೆ ಬರಲಿಲ್ಲ.

ಆ ಬ್ಯಾಂಡ್ ಅಲ್ಲೇ ಉಳಿಯಿತು. ಅದನ್ನು ಯಾರೂ ಎತ್ತಿಡಲಿಲ್ಲ. ಅವಳ ತೊಟ್ಟಿಗಳು ತುಂಬಿ, ಬಟ್ಟೆ ನೆಲಕ್ಕೆ ಬಿದ್ದು ನಾರತೊಡಗಿತು. ವಾರ ಕಳೆಯುತ್ತ ಬಂದರೂ ಗೋಡೆಯ ಪರದೆಯ ಮೇಲೆ ಅವಳದು ಹಸಿರೇ ಇತ್ತು.